ಸ್ಕ್ಯಾನ್ ಮಾಡಿದ ರೈತರ ಪಟ್ಟಿ ಎಕ್ಸೆಲ್‌ಗೆ ಬರಬೇಕು: ಯಾವ ಕಾಲಂಗೆ ಯಾವ ದಾರಿ?

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಟೈಪಿಂಗ್, ಝೆರಾಕ್ಸ್ ಅಂಗಡಿ ಇದೆ. ಹೋದ ಹಂಗಾಮಿನಲ್ಲಿ ಮುಧೋಳ ಕಡೆಯ ಕಬ್ಬು ಬೆಳೆಗಾರರ ಸಂಘವೊಂದರ ಕಾರ್ಯದರ್ಶಿ ಬಂದಿದ್ದರು. ಕೈಯಲ್ಲಿ ಎಂಟು ಹಾಳೆ. ಹಾಳೆಗೆ 32 ಹೆಸರು, ಒಟ್ಟು 256 ರೈತರು. ಕಟಾವು, ಸಾಗಣೆ ಲೆಕ್ಕದಲ್ಲಿ ಜಾಸ್ತಿ ಹಿಡಿದಿದ್ದ ಹಣವನ್ನು ಸದಸ್ಯರ ಖಾತೆಗೆ ವಾಪಸ್ ಹಾಕಬೇಕಿತ್ತು. ಬ್ಯಾಂಕಿನವರು ಎಕ್ಸೆಲ್ ಫೈಲ್ ಕೇಳಿದ್ದರು.

"ಅಣ್ಣಾರ, ನೆಟ್ಟಿನ್ಯಾಗ ಹಾಕಿದ್ರ ತಾನ ಎಕ್ಸೆಲ್ ಆಗಿ ಬರ್ತೈತಂತಲ್ಲ, ಹಂಗ ಮಾಡಿ ಕೊಡ್ರಿ. ನಾಳಿ ಬ್ಯಾಂಕಿಗೆ ಕೊಡಬೇಕು" ಅಂದರು.

ನಾನು ಹಾಗೆ ಮಾಡಲಿಲ್ಲ. ಯಾಕೆ ಮಾಡಲಿಲ್ಲ, ಅದರ ಬದಲು ಏನೇನು ದಾರಿ ಇತ್ತು, ಯಾವುದು ಎಷ್ಟು ಹೊತ್ತು ಹಿಡಿಯಿತು ಅನ್ನೋದನ್ನು ಇಲ್ಲಿ ಬರೆಯುತ್ತೇನೆ. ಸಂಘ, ಶಾಲೆ, ಸ್ವಸಹಾಯ ಗುಂಪು, ಪಂಚಾಯಿತಿ, ಎಲ್ಲೇ ಪಟ್ಟಿ ಕೆಲಸ ಮಾಡುವವರಿಗೂ ಇದೇ ಪ್ರಶ್ನೆ ಬರುತ್ತದೆ.

ಆ ಹಾಳೆಯಲ್ಲಿ ಇದ್ದದ್ದೇನು

ಹತ್ತು ಕಾಲಂ ಇದ್ದವು. ಕ್ರಮಸಂಖ್ಯೆ, ಹೆಸರು, ಊರು, ಸರ್ವೆ ನಂಬರ್, ಆಧಾರ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಮೊಬೈಲ್, ಎಷ್ಟು ಟನ್, ಎಷ್ಟು ರೂಪಾಯಿ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಅಂಥ ಭಯ ಇಲ್ಲ. ಊರಿನ ಹೆಸರು ಎಲ್ಲರಿಗೂ ಗೊತ್ತು. ಮೊಬೈಲ್ ನಂಬರ್ ನೂರು ಜನರ ಹತ್ತಿರ ಇರುತ್ತದೆ. ಅಪಾಯ ಇರುವುದು ಇವೆಲ್ಲ ಒಂದೇ ಸಾಲಿನಲ್ಲಿ ಕೂತಾಗ.

ಒಂದು ಫೋನ್ ಕರೆ ಊಹಿಸಿಕೊಳ್ಳಿ. "ಕಾಕಾ, ನಿಮ್ಮ ಸರ್ವೆ ನಂಬರ್ ಇಂಥಾದ್ದು, 43 ಟನ್ ಕಬ್ಬು ಕಳಿಸಿದ್ದೀರಿ, ಇಂಥ ಬ್ಯಾಂಕಿನ ಖಾತೆಗೆ ದುಡ್ಡು ಬರಬೇಕು, ಅದು ತಡೆದು ನಿಂತಿದೆ, ಈಗೊಂದು ಓಟಿಪಿ ಬರುತ್ತೆ ಹೇಳಿ." ಸುಮ್ನೆ ಲಾಟರಿ ಹೊಡೆದಿದೆ ಅಂದರೆ ನಮ್ಮ ರೈತರು ಫೋನ್ ಇಡುತ್ತಾರೆ. ತಮ್ಮ ಟನ್ ಲೆಕ್ಕ ಸರಿಯಾಗಿ ಹೇಳುವವನನ್ನು ನಂಬದೇ ಇರುವುದು ಕಷ್ಟ. ಅದು ಸಂಘದವರಿಗೆ, ಕಾರ್ಖಾನೆಯವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರುವ ವಿಷಯ ಅಲ್ಲ ಅಲ್ವಾ.

ಇನ್ನೊಂದು ದಾರಿ ಹೆಬ್ಬೆಟ್ಟಿನದು. ಹಳ್ಳಿಗಳಲ್ಲಿ ಚಿಕ್ಕ ಯಂತ್ರ ಇಟ್ಟುಕೊಂಡು ಆಧಾರ್ ಮೇಲೆ ದುಡ್ಡು ತೆಗೆದುಕೊಡುತ್ತಾರಲ್ಲ, ಅದಕ್ಕೆ ಎಇಪಿಎಸ್ ಅಂತಾರೆ. ಅದಕ್ಕೆ ಬೇಕಾಗೋದು ಮೂರೇ: ಆಧಾರ್ ನಂಬರ್, ಯಾವ ಬ್ಯಾಂಕ್ ಅನ್ನೋದು, ಬೆರಳಚ್ಚು. ಓಟಿಪಿ ಇಲ್ಲ, ಪಿನ್ ಇಲ್ಲ. ನಮ್ಮ ಪಟ್ಟಿಯಲ್ಲಿ ಮೊದಲ ಎರಡು ಆಗಲೇ ಇವೆ. ಮೂರನೆಯದನ್ನು ಕದ್ದವರೂ ಇದ್ದಾರೆ. ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚಿನ ನಕಲು ಮಾಡಿ ಹಣ ತೆಗೆದಿದ್ದಾರೆ ಅನ್ನೋ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ದಾಖಲಾಗಿದ್ದವು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಆಧಾರ್ ನಂಬರ್ ಬದಲಾಯಿಸೋಕಾಗಲ್ಲ.

ಉಚಿತ ಸೈಟಿಗೆ ಹಾಕಿದರೆ ಫೈಲ್ ಎಲ್ಲಿ ಹೋಗುತ್ತದೆ

ಸ್ಕ್ಯಾನ್ ಅಂದರೆ ಒಂದು ಫೋಟೋ ಅಷ್ಟೇ. ಅದರೊಳಗಿನ ಅಕ್ಷರ, ಅಂಕಿ ಗುರುತಿಸಿ ಟೈಪ್ ಮಾಡಿದ ಹಾಗೆ ಕೊಡುವ ತಂತ್ರಾಂಶಕ್ಕೆ ಓಸಿಆರ್ ಅಂತಾರೆ. ಇದು ಭಾರದ ಕೆಲಸ. ಅದಕ್ಕೇ ಹೆಚ್ಚಿನ ಸೈಟುಗಳು ಫೈಲನ್ನು ತಮ್ಮ ಸರ್ವರ್‌ಗೆ ಎಳೆದುಕೊಂಡು ಅಲ್ಲಿ ಓದಿಸುತ್ತವೆ. ಅವರಲ್ಲಿ ಕೆಲವರು ಓಸಿಆರ್ ಭಾಗವನ್ನು ಇನ್ನೊಂದು ಕಂಪನಿಯ ಸೇವೆಯಿಂದ ಮಾಡಿಸುತ್ತಾರೆ. ಅಲ್ಲಿಗೆ ನಮ್ಮ ಪಟ್ಟಿ ಎರಡು ಕೈ ದಾಟಿತು.

"ನಿಮ್ಮ ಫೈಲ್ ಇಷ್ಟು ಗಂಟೆಯಲ್ಲಿ ಅಳಿಸುತ್ತೇವೆ" ಅಂತ ಬರೆದಿರುತ್ತಾರೆ. ನಿಜವಾಗಿಯೂ ಅಳಿಸುವವರು ಇರಬಹುದು. ಆದರೆ ಅಳಿಸಿದ್ದನ್ನು ನಾವು ನೋಡೋಕಾಗಲ್ಲ. ಬ್ಯಾಕಪ್‌ನಲ್ಲಿ ಉಳಿದಿದೆಯೋ ಇಲ್ಲವೋ ಕೇಳೋಕೆ ಫೋನ್ ನಂಬರೂ ಇರಲ್ಲ. ನನಗೇ ಆದ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮಹಿಳಾ ಗುಂಪೊಂದರ 40 ಜನರ ಸಾಲದ ಪಟ್ಟಿಯನ್ನು ಇಂಥದೇ ಒಂದು ಸೈಟಿಗೆ ಹಾಕಿದ್ದೆ. 24 ಗಂಟೆಯಲ್ಲಿ ಅಳಿಸುತ್ತೇವೆ ಅಂತ ಬರೆದಿತ್ತು. ಅದು ಕೊಟ್ಟ ಡೌನ್‌ಲೋಡ್ ಲಿಂಕನ್ನೇ ಗುಂಪಿನ ಅಕ್ಕನವರಿಗೆ ವಾಟ್ಸಾಪ್ ಮಾಡಿದೆ. ಮೂರನೇ ದಿನ ಅವರ ತಮ್ಮ ತನ್ನ ಫೋನಿನಲ್ಲಿ ಅದೇ ಲಿಂಕ್ ಒತ್ತಿದ. ಪಾಸ್‌ವರ್ಡ್ ಕೇಳದೆ 40 ಹೆಂಗಸರ ಆಧಾರ್, ಸಾಲದ ಬಾಕಿ ಎಲ್ಲ ತೆರೆದುಕೊಂಡಿತು. ಲಿಂಕ್ ಯಾರ ಕೈಗೆ ಸಿಕ್ಕಿತೋ ಅವರದೇ ಪಟ್ಟಿ. ಆ ಹೆಂಗಸರಲ್ಲಿ ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ, ಅವರಿಗೆ ಗೊತ್ತೇ ಆಗಲಿಲ್ಲ. ಆ ವಿಷಯ ನನಗೆ ಇವತ್ತಿಗೂ ಚುಚ್ಚುತ್ತದೆ.

ಫೈಲ್ ಸೋರುವುದಲ್ಲದೆ ಬೇರೆ ತೊಂದರೆಯೂ ಇದೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಒಂದು ಎಚ್ಚರಿಕೆ ಕೊಟ್ಟಿತು. ಕೆಲವು ಉಚಿತ ಕನ್ವರ್ಟರ್‌ಗಳು ಹೇಳಿದ ಕೆಲಸ ಮಾಡಿಕೊಡುತ್ತವೆ, ಆದರೆ ವಾಪಸ್ ಕೊಡುವ ಫೈಲಿನ ಜೊತೆ ವೈರಸ್ ಕಳಿಸುತ್ತವೆ. ಹಾಕಿದ ಫೈಲಿನೊಳಗಿನ ಗುರುತಿನ ನಂಬರ್, ಬ್ಯಾಂಕ್ ವಿವರ ಹೆಕ್ಕಿಕೊಳ್ಳುತ್ತವೆ ಅಂತ. ಕೆಲಸ ಸರಿಯಾಗಿ ಆಯಿತು ಅಂದ ಮಾತ್ರಕ್ಕೆ ಸೈಟ್ ಒಳ್ಳೆಯದು ಅಂತ ಅಲ್ಲ.

ಎಲ್ಲ ಸೈಟೂ ಹೀಗೇ ಅಂತ ನಾನು ಹೇಳಲ್ಲ. ಕೆಲವು ಪುಟಗಳು ಓಸಿಆರ್ ತಂತ್ರಾಂಶವನ್ನೇ ನಮ್ಮ ಬ್ರೌಸರ್‌ಗೆ ಇಳಿಸಿ, ನಮ್ಮ ಕಂಪ್ಯೂಟರ್‌ನಲ್ಲೇ ಓದಿಸುತ್ತವೆ. ಯಾವುದು ಯಾವ ಥರ ಅಂತ ಗೊತ್ತುಮಾಡಿಕೊಳ್ಳೋದು ಸುಲಭ. ಮೊದಲು ಸುಳ್ಳು ಹೆಸರು, ಸುಳ್ಳು ನಂಬರ್ ಹಾಕಿ ನಾಲ್ಕು ಸಾಲಿನ ಪಟ್ಟಿ ಬರೆದು ಸ್ಕ್ಯಾನ್ ಮಾಡಿ. ಸೈಟ್ ತೆರೆಯಿರಿ. ಪುಟ ಪೂರ್ತಿ ಬಂದ ಮೇಲೆ ವೈಫೈ ತೆಗೆಯಿರಿ, ಆಮೇಲೆ ಫೈಲ್ ಹಾಕಿ. ಕೆಲಸ ನಿಂತರೆ ಅದು ಫೈಲನ್ನು ಹೊರಗೆ ಕಳಿಸುವ ಸೈಟ್ ಇರಬಹುದು. ಇನ್ನೂ ಚೆನ್ನಾಗಿ ನೋಡಬೇಕಾದರೆ ನೆಟ್ ಇಟ್ಟುಕೊಂಡೇ `F12` ಒತ್ತಿ `Network` ಅನ್ನೋ ಕಡೆ ಹೋಗಿ, ಫೈಲ್ ಹಾಕಿ. ನಾನು ಹೀಗೆ ನೋಡಿದ ಒಂದು ಸೈಟಿನಲ್ಲಿ, ನಾನಿನ್ನೂ ಪರಿವರ್ತಿಸು ಅನ್ನೋ ಗುಂಡಿ ಒತ್ತಿರಲಿಲ್ಲ, ಫೈಲ್ ಆರಿಸಿದ ಕೂಡಲೇ `POST` ಅಂತ ಒಂದು ಸಾಲು ಬಂತು. ಅಂದರೆ ಗುಂಡಿ ಒತ್ತುವ ಮುಂಚೆಯೇ ಫೈಲ್ ಹೋಗಿ ಆಗಿತ್ತು. "ಬೇಡ, ಬಿಡೋಣ" ಅಂತ ಪುಟ ಮುಚ್ಚಿದವರ ಫೈಲೂ ಅಲ್ಲಿಗೆ ಹೋಗಿರುತ್ತದೆ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ನೆಟ್ ಇಲ್ಲದಾಗ ಕೆಲಸ ಮಾಡಿದ ಪುಟ, ನೆಟ್ ಬಂದ ಮೇಲೆ ಕಳಿಸಬಾರದು ಅಂತೇನಿಲ್ಲ. ಅದಕ್ಕೆ ಬ್ರೌಸರ್‌ನ ಇನ್‌ಕಾಗ್ನಿಟೋ ಅನ್ನೋ ಖಾಸಗಿ ಕಿಟಕಿಯಲ್ಲಿ ತೆರೆದು, ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚಿ, ಆಮೇಲೆ ವೈಫೈ ಹಾಕಬೇಕು.

ಗೂಗಲ್ ಡ್ರೈವ್ ಹೇಗೆ?

ಬಹಳ ಜನ ಕೇಳುವ ಪ್ರಶ್ನೆ. ಸ್ಕ್ಯಾನ್ ಮಾಡಿದ ಚಿತ್ರವನ್ನು ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಬರುತ್ತದೆ. ಕನ್ನಡವನ್ನೂ ಚೆನ್ನಾಗಿಯೇ ಓದುತ್ತದೆ. ಊರು ಪೇರಿಲ್ಲದ ಸೈಟಿಗಿಂತ ಇದು ಮೇಲು ಅನ್ನೋದು ನನ್ನ ಅಭಿಪ್ರಾಯ, ಯಾಕಂದರೆ ಫೈಲ್ ನಮ್ಮ ಖಾತೆಯಲ್ಲಿ ಇರುತ್ತದೆ, ನಾವೇ ಅಳಿಸಬಹುದು, ಯಾರಿಗೆ ಕಾಣಬೇಕು ಅಂತ ನಾವೇ ಹೇಳಬಹುದು. ಆದರೂ ಪಟ್ಟಿ ಹೊರಗೆ ಹೋಯಿತು ಅನ್ನೋದು ಸುಳ್ಳಲ್ಲ. ಅದರಲ್ಲೂ ಅಂಗಡಿಯ ಒಂದೇ ಜಿಮೇಲ್ ಖಾತೆಯನ್ನು ನಾಲ್ಕು ಹುಡುಗರು ಬಳಸುತ್ತಿದ್ದರೆ, ಗೂಗಲ್‌ಗಿಂತ ಅದೇ ದೊಡ್ಡ ಸೋರಿಕೆ.

ಮತ್ತೆ, ಟೇಬಲ್ ವಿಷಯದಲ್ಲಿ ಇದು ಕೈ ಕೊಡುತ್ತದೆ. ಕಾಲಂ ಕಲಸಿಹೋಗುತ್ತವೆ. ಹೆಸರೆಲ್ಲ ಒಂದು ಕಡೆ, ನಂಬರೆಲ್ಲ ಇನ್ನೊಂದು ಕಡೆ ಬರುತ್ತವೆ. ಒಂದು ಸಾಲು ತಪ್ಪಿ ಕೂತರೆ ಅಲ್ಲಿಂದ ಕೆಳಗೆ ಎಲ್ಲರ ಖಾತೆಯೂ ಬೇರೆಯವರದು. ಹಣದ ಪಟ್ಟಿಗೆ ಇದನ್ನು ನಾನು ಬಳಸಲ್ಲ. ಬರೀ ಹೆಸರು, ಊರು ಇರುವ ಹಾಜರಿ ಪಟ್ಟಿಗಾದರೆ ಅಡ್ಡಿಯಿಲ್ಲ.

ಮೊದಲು ಕಾಲಂ ಕಡಿಮೆ ಮಾಡಿ

ಕಾರ್ಯದರ್ಶಿಯವರನ್ನು ಕೂರಿಸಿ ಕೇಳಿದ ಮೊದಲ ಪ್ರಶ್ನೆ, "ಇದರ ಮೂಲ ಫೈಲ್ ಯಾರ ಹತ್ತಿರ ಐತ್ರೀ?" ಯಾರೋ ಟೈಪ್ ಮಾಡಿ ಪ್ರಿಂಟ್ ತೆಗೆದ ಪಟ್ಟಿ ಅದು. ಮೂಲ ಸಿಕ್ಕರೆ ಓಸಿಆರ್ ಗೊಡವೆಯೇ ಬೇಡ. ಹಳೇ ನುಡಿ ಅಕ್ಷರದಲ್ಲಿದ್ದು "PÀ£ÀßqÀ" ಅಂತ ಕಂಡರೂ ಹೆದರಬೇಕಿಲ್ಲ, ನುಡಿ ತಂತ್ರಾಂಶದ ಜೊತೆ ಬರುವ ಪರಿವರ್ತಕ ನಮ್ಮ ಕಂಪ್ಯೂಟರ್‌ನಲ್ಲೇ ಅದನ್ನು ಯೂನಿಕೋಡ್ ಮಾಡುತ್ತದೆ. ಇವರ ವಿಷಯದಲ್ಲಿ ಟೈಪ್ ಮಾಡಿದ ಹುಡುಗ ಪುಣೆಗೆ ಹೋಗಿದ್ದ, ಕಂಪ್ಯೂಟರ್ ಕೆಟ್ಟಿತ್ತು. ಮೂಲ ಸಿಗಲಿಲ್ಲ.

ಎರಡನೇ ಪ್ರಶ್ನೆ, "ಬ್ಯಾಂಕಿನವರು ಏನೇನು ಕೇಳ್ಯಾರ?" ಹಾಳೆ ತೆಗೆದು ನೋಡಿದರು. ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಮೊತ್ತ. ನಾಲ್ಕೇ. ಆಧಾರ್ ಬೇಡ, ಮೊಬೈಲ್ ಬೇಡ, ಸರ್ವೆ ನಂಬರ್ ಬೇಡ. ಹತ್ತರಲ್ಲಿ ಆರು ಕಾಲಂ ಸುಮ್ನೆ ಅಪ್‌ಲೋಡ್ ಆಗುತ್ತಿದ್ದವು.

ಬೇಡದ ಕಾಲಂ ತೆಗೆಯುವಾಗ ಒಂದು ಕಡೆ ಎಲ್ಲರೂ ತಪ್ಪುತ್ತಾರೆ. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ನಂಬರ್ ಹೋಗಲ್ಲ. ಆ ಪಟ್ಟಿ ಮೇಲೆ ಇಟ್ಟ ಮುಚ್ಚಳ ಅಷ್ಟೇ, ಆಚೆ ಸರಿಸಿದರೆ ನಂಬರ್ ಅಲ್ಲೇ ಇರುತ್ತದೆ. ವರ್ಡ್‌ನಲ್ಲಿ ಚಿತ್ರವನ್ನು ಕ್ರಾಪ್ ಮಾಡಿದರೂ ಕತ್ತರಿಸಿದ ಭಾಗ ಫೈಲಿನೊಳಗೆ ಉಳಿದಿರಬಹುದು. ಸರಿಯಾದ ರೀತಿ ಅಂದರೆ, 300 ಡಿಪಿಐನಲ್ಲಿ ಪಿಎನ್‌ಜಿ ಚಿತ್ರವಾಗಿ ಸ್ಕ್ಯಾನ್ ಮಾಡಿ, ಪೇಂಟ್‌ನಲ್ಲಿ ತೆರೆದು, ಬೇಕಾದ ಕಾಲಂ ಮಾತ್ರ ಆರಿಸಿ ಕ್ರಾಪ್ ಮಾಡಿ, ಹೊಸ ಹೆಸರಿನಲ್ಲಿ ಉಳಿಸಬೇಕು. ಕಂಪ್ಯೂಟರ್ ಬೇಡ ಅಂದರೆ ಝೆರಾಕ್ಸ್ ತೆಗೆಯುವಾಗಲೇ ಆ ಕಾಲಂ ಮೇಲೆ ದಪ್ಪ ಕಾಗದದ ಪಟ್ಟಿ ಇಟ್ಟರೂ ಆಯಿತು.

ಉಳಿದ ನಾಲ್ಕಕ್ಕೆ ನಾಲ್ಕು ದಾರಿ

ಐಎಫ್‌ಎಸ್‌ಸಿಗೆ ಓಸಿಆರ್ ಬೇಕಾಗಲೇ ಇಲ್ಲ. 256 ಸಾಲಿದ್ದರೂ ಸುತ್ತಲಿನ ಶಾಖೆಗಳು ಐದೇ. ಐದು ಕೋಡ್ ಟೈಪ್ ಮಾಡಿ, ಆಯಾ ಸಾಲಿಗೆ ಕಾಪಿ ಮಾಡಿದೆ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಓಸಿಆರ್ ಅದನ್ನು ಇಂಗ್ಲಿಷಿನ ಓ ಅಂತ ಓದೋದು ಜಾಸ್ತಿ, ಹಾಗಾಗಿ ಕೈಯಿಂದಲೇ ಮಾಡುವುದು ವಾಸಿ.

ಹೆಸರನ್ನೂ ಟೈಪೇ ಮಾಡಿದೆ. ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಬೇಕಿತ್ತು, ಹಾಳೆಯಲ್ಲಿ ಕನ್ನಡ ಇತ್ತು. ಯಾವ ಕನ್ವರ್ಟರ್ ಆದರೂ ಅರ್ಧ ಕೆಲಸ ನಮಗೇ ಬಿಡುತ್ತಿತ್ತು. ಒಂದೂವರೆ ತಾಸು ಹಿಡಿಯಿತು.

ಖಾತೆ ಸಂಖ್ಯೆಯದೇ ನಿಜವಾದ ಕೆಲಸ. ನೆಫ್ಟ್‌ನಲ್ಲಿ ಹಣ ಜಮೆ ಆಗೋದು ಖಾತೆ ಸಂಖ್ಯೆ ನೋಡಿ. ಒಂದು ಅಂಕಿ ತಪ್ಪಿ, ಆ ನಂಬರಿನ ಖಾತೆ ಇನ್ನೊಬ್ಬರದಿದ್ದರೆ ದುಡ್ಡು ಅವರಿಗೆ ಹೋಗುತ್ತದೆ. ಇಲ್ಲಿ ಟೆಸರಾಕ್ಟ್ ಬಳಸಿದೆ. ಇದು ಉಚಿತ, ಮುಕ್ತ ಓಸಿಆರ್ ತಂತ್ರಾಂಶ. ಒಮ್ಮೆ ಇಳಿಸಿಕೊಳ್ಳೋಕೆ ಮಾತ್ರ ನೆಟ್ ಬೇಕು, ಆಮೇಲೆ ನೆಟ್ ತೆಗೆದಿಟ್ಟರೂ ನಡೆಯುತ್ತದೆ. ಖಾತೆ ಕಾಲಂ ಮಾತ್ರ ಕತ್ತರಿಸಿದ ಚಿತ್ರಕ್ಕೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಆದೇಶ ಕೊಟ್ಟೆ:

```
tesseract khate-1.png khate-1 --psm 6 -c tessedit_char_whitelist=0123456789
```

ಇದರಿಂದ `khate-1.txt` ಅನ್ನೋ ಫೈಲ್ ಬರುತ್ತದೆ, ಸಾಲಿಗೊಂದು ನಂಬರ್. ಕೊನೆಯ ಭಾಗ "ಅಂಕಿ ಬಿಟ್ಟು ಬೇರೇನೂ ಓದಬೇಡ" ಅಂತ ಹೇಳುತ್ತದೆ. ಇದರಲ್ಲಿ ಒಂದು ಎಡವಟ್ಟು ಇದೆ. ಟೇಬಲ್‌ನ ಉದ್ದ ಗೆರೆ ಚಿತ್ರದಲ್ಲಿ ಉಳಿದಿದ್ದರೆ ಅದನ್ನು 1 ಅಂತ ಓದಿಬಿಡುತ್ತದೆ. ಮೊದಲ ಹಾಳೆಯಲ್ಲಿ ನನಗೆ ಹಾಗೇ ಆಯಿತು, 11 ಅಂಕಿಯ ಖಾತೆಗಳೆಲ್ಲ 12 ಅಂಕಿಯಾಗಿ, ಪ್ರತಿಯೊಂದೂ 1ರಿಂದ ಶುರುವಾಗಿದ್ದವು. ಗೆರೆಯ ಒಳಗಿಂದ ಮತ್ತೆ ಕ್ರಾಪ್ ಮಾಡಿದ ಮೇಲೆ ಸರಿಹೋಯಿತು.

ಎಕ್ಸೆಲ್‌ಗೆ ಅಂಟಿಸುವ ಮುಂಚೆ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಳ್ಳಲೇಬೇಕು. ಇಲ್ಲದಿದ್ದರೆ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ. 16 ಅಂಕಿಯ ಖಾತೆ ಇದ್ದರೆ ಇನ್ನೂ ಕೆಟ್ಟದ್ದು: ಎಕ್ಸೆಲ್ 15 ಅಂಕಿ ಮಾತ್ರ ಹಿಡಿದುಕೊಳ್ಳುತ್ತದೆ, ಕೊನೆಯ ಅಂಕಿಯನ್ನು ಸೊನ್ನೆ ಮಾಡಿಬಿಡುತ್ತದೆ. ನಂಬರ್ ಫಾರ್ಮ್ಯಾಟ್ ಕೊಟ್ಟು ನೋಡಿದರೆ ಸರಿಯಾಗೇ ಕಾಣುತ್ತದೆ.

ಆಮೇಲೆ ಅಂಗಡಿಯ ಹುಡುಗಿ ಟೆಸರಾಕ್ಟ್ ಕೊಟ್ಟದ್ದನ್ನು ನೋಡದೆ, ಹಾಳೆ ನೋಡಿ ಅದೇ 256 ಖಾತೆಗಳನ್ನು ಹಾಗೇ ಟೆಕ್ಸ್ಟ್ ಮಾಡಿಕೊಂಡ ಪಕ್ಕದ ಕಾಲಂನಲ್ಲಿ ಟೈಪ್ ಮಾಡಿದಳು. ಮೂರನೇ ಕಾಲಂನಲ್ಲಿ ಈ ಸೂತ್ರ:

```
=EXACT(C2,D2)
```

ಎರಡೂ ಒಂದೇ ಇದ್ದರೆ `TRUE`, ಬೇರೆ ಇದ್ದರೆ `FALSE`. ಒಂಬತ್ತು ಕಡೆ `FALSE` ಬಂತು. ಹಾಳೆ ತೆಗೆದು ನೋಡಿದರೆ ಆರು ಕಡೆ ತಂತ್ರಾಂಶದ ತಪ್ಪು, 3 ಇದ್ದಲ್ಲಿ 8 ಓದಿತ್ತು. ಮೂರು ಕಡೆ ಹುಡುಗಿ ಅಂಕಿಗಳನ್ನು ಹಿಂದುಮುಂದು ಮಾಡಿದ್ದಳು. ತಂತ್ರಾಂಶ ಮಾಡುವ ತಪ್ಪೇ ಬೇರೆ, ಕೈ ಮಾಡುವ ತಪ್ಪೇ ಬೇರೆ. ಇಬ್ಬರೂ ಒಂದೇ ಕಡೆ ಒಂದೇ ತಪ್ಪು ಮಾಡೋದು ಅಪರೂಪ. ಉಚಿತ ಸೈಟಿಗೆ ಹಾಕಿದ್ದರೂ ಈ ತಾಳೆ ನೋಡುವ ಕೆಲಸ ಇದ್ದೇ ಇರುತ್ತಿತ್ತು. ಅಂದರೆ ಸೈಟ್ ಉಳಿಸಿಕೊಡುವ ಸಮಯ ನಾವು ಅಂದುಕೊಂಡಷ್ಟಿಲ್ಲ.

ಮೊತ್ತದ ಕಾಲಂಗೂ ಟೆಸರಾಕ್ಟ್ ಬಳಸಿ, ಪ್ರತಿ ಹಾಳೆಯ ಕೂಡಿಕೆಯನ್ನು ಹಾಳೆಯ ಕೆಳಗೆ ಪ್ರಿಂಟ್ ಆಗಿದ್ದ ಒಟ್ಟು ಮೊತ್ತಕ್ಕೆ ಹೋಲಿಸಿದೆ. ನಿಜ ಹೇಳಬೇಕೆಂದರೆ ಈ ಕಾಲಂ ಒಂದನ್ನೇ, ಹೆಸರಿಲ್ಲದೆ, ಯಾವ ಸೈಟಿಗೆ ಹಾಕಿದರೂ ಯಾರಿಗೂ ತೊಂದರೆ ಇರಲಿಲ್ಲ. ಟೆಸರಾಕ್ಟ್ ಹಾಕಿಕೊಳ್ಳೋಕೆ ಆಗದವರು ಹೀಗೆ ಮಾಡಬಹುದು: ಬರೀ ಮೊತ್ತ, ಬರೀ ಟನ್ ಇರುವ ಕಾಲಂ ಸೈಟಿಗೆ ಕೊಡಿ, ಹೆಸರು ಮತ್ತು ಖಾತೆ ಮನೆಯಲ್ಲೇ ಟೈಪ್ ಮಾಡಿ. ಆದರೆ ಫೈಲಿನ ಹೆಸರಲ್ಲಿ ಸಂಘದ ಹೆಸರು, ಊರಿನ ಹೆಸರು ಇರದ ಹಾಗೆ ನೋಡಿಕೊಳ್ಳಿ.

ಒಟ್ಟು ಕೆಲಸ ಮಧ್ಯಾಹ್ನ ಶುರುವಾಗಿ ರಾತ್ರಿ ಎಂಟಕ್ಕೆ ಮುಗಿಯಿತು, ಇಬ್ಬರಿಂದ. ಫೈಲನ್ನು ಪಾಸ್‌ವರ್ಡ್ ಹಾಕಿ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ, ಪಾಸ್‌ವರ್ಡ್ ಫೋನಿನಲ್ಲಿ ಹೇಳಿದೆ. ನನ್ನ ಕಂಪ್ಯೂಟರ್‌ನಲ್ಲಿದ್ದ ಚಿತ್ರಗಳನ್ನು, ರಿಸೈಕಲ್ ಬಿನ್ ಸಮೇತ, ಅವರ ಮುಂದೆಯೇ ಅಳಿಸಿದೆ.

ಕಾರ್ಯದರ್ಶಿಯವರು ಒಂದು ಮಾತು ಕೇಳಿದರು: "ಸೈಟಿನವರು ಸೋರಿಸಿದ್ರ ತಪ್ಪು ಅವರದಲ್ಲೇನ್ರಿ?" ಅವರದೂ ಹೌದು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ, ಯಾವ ಕೆಲಸಕ್ಕೆ ವಿವರ ಬಳಸಬೇಕು ಅಂತ ತೀರ್ಮಾನ ಮಾಡಿದವರೇ ಹೊಣೆ, ಕೆಲಸವನ್ನು ಬೇರೆಯವರಿಂದ ಮಾಡಿಸಿದ್ದರೂ ಕೂಡ. ಇಲ್ಲಿ ಅದು ಸಂಘ. ಮನೆಯ ಮಟ್ಟಿನ ಸ್ವಂತ ಬಳಕೆಗೆ ಆ ಕಾಯ್ದೆ ಅನ್ವಯಿಸಲ್ಲ, 256 ಸದಸ್ಯರ ಪಟ್ಟಿ ಮನೆಯ ಮಟ್ಟಿನದಲ್ಲ.

ಆಗಲೇ ಹಾಕಿಬಿಟ್ಟಿದ್ದರೆ

ಸೈಟಿನಲ್ಲಿ ಅಳಿಸುವ ಗುಂಡಿ ಇದ್ದರೆ ಒತ್ತಿ, ಲಿಂಕ್ ಹಂಚಿದ್ದರೆ ಆ ಸಂದೇಶ ಎಲ್ಲರಿಗೂ ಅಳಿಯುವಂತೆ ತೆಗೆಯಿರಿ. ಇದರಿಂದ ಪೂರ್ತಿ ಪರಿಹಾರ ಸಿಗಲ್ಲ, ಆದರೂ ಮಾಡಿ. ಮುಖ್ಯವಾದದ್ದು ಪಟ್ಟಿಯಲ್ಲಿರುವವರಿಗೆ ಹೇಳುವುದು. ಮುಜುಗರ ಆಗುತ್ತದೆ ಅಂತ ಮುಚ್ಚಿಡಬೇಡಿ. ಟನ್ ಲೆಕ್ಕ ಹೇಳಿ ಓಟಿಪಿ ಕೇಳುವ ಫೋನ್ ಬರಬಹುದು ಅಂತ ಮೊದಲೇ ತಿಳಿದಿದ್ದರೆ ಅವರು ಹುಷಾರಾಗಿರುತ್ತಾರೆ.

ಪಟ್ಟಿಯಲ್ಲಿ ಆಧಾರ್ ಇದ್ದಿದ್ದರೆ ಬೆರಳಚ್ಚು ಲಾಕ್ ಮಾಡಿಸಬಹುದು. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಅಥವಾ ಆಧಾರ್ ಜಾಲತಾಣದಲ್ಲಿ ಆಗುತ್ತದೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಲಾಕ್ ಆದ ಮೇಲೆ ಎಇಪಿಎಸ್‌ನಲ್ಲಿ ಆ ಹೆಬ್ಬೆಟ್ಟು ನಡೆಯಲ್ಲ. ಆದರೆ ರೇಷನ್ ಅಂಗಡಿಯಲ್ಲೂ ನಡೆಯಲ್ಲ. ವಯಸ್ಸಾದವರಿಗೆ ಲಾಕ್ ಮಾಡಿಕೊಟ್ಟು ಕಳಿಸಿದರೆ ತಿಂಗಳ ಅಕ್ಕಿಗೆ ಹೋದಾಗ ಹೆಬ್ಬೆಟ್ಟು ತಗೋತಿಲ್ಲ ಅಂತ ವಾಪಸ್ ಬರುತ್ತಾರೆ. ಆ ದಿನ ಸ್ವಲ್ಪ ಹೊತ್ತು ಅನ್‌ಲಾಕ್ ಮಾಡಿಕೊಡೋಕೆ ಮನೆಯಲ್ಲಿ ಯಾರಾದರೂ ಇದ್ದಾರೆಯೇ ಅಂತ ಕೇಳಿಕೊಂಡೇ ಲಾಕ್ ಮಾಡಿ. ಇಲ್ಲದಿದ್ದರೆ ಬ್ಯಾಂಕಿಗೆ ಅರ್ಜಿ ಕೊಟ್ಟು ಆ ಖಾತೆಗೆ ಎಇಪಿಎಸ್ ನಿಲ್ಲಿಸೋಕೆ ಕೇಳಿ. ಹಣ ಹೋಗಿಯೇ ಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, `cybercrime.gov.in`ನಲ್ಲಿ ದೂರು ದಾಖಲಿಸಿ. ಯಾವ ದಿನ, ಯಾವ ಫೈಲ್, ಯಾವ ಸೈಟಿಗೆ ಹಾಕಿದ್ದು ಅಂತ ಬರೆದಿಟ್ಟುಕೊಂಡಿದ್ದರೆ ದೂರಿಗೆ ಅದನ್ನೂ ಸೇರಿಸಿ.